‘ಇದೂ ಅಟ್ಟಕ್ಕೇ ತಾನೆ?’: ದಾರ ಎಳೆಯುವ ಚಾಪರ್, ರೀಲ್‌ನ ಮೊದಲ 22 ಸೆಕೆಂಡು

ಪಾತ್ರಗಳು: ನಿರೂಪಕಿ (ಮಗಳು), ಅಮ್ಮ. ಅಮ್ಮನ ಮುಖ ಈ ಭಾಗದಲ್ಲಿ ಕಾಣುವುದಿಲ್ಲ. ದನಿ ಮತ್ತು ಕೈ ಮಾತ್ರ.

ಚಿತ್ರೀಕರಣಕ್ಕೆ ಮೊದಲು

ಮೊಬೈಲ್ ನಿಲುವಾಗಿರಲಿ, ಅಳತೆ 9:16. ಅಡುಗೆಕಟ್ಟೆಯ ಎತ್ತರದಲ್ಲೇ ಇಡಿ. ಮೇಲಿನಿಂದ ಹಿಡಿದರೆ ಮುಚ್ಚಳ ಮಾತ್ರ ಕಾಣುತ್ತದೆ, ಬ್ಲೇಡು ತಿರುಗುವುದು ಕಾಣುವುದಿಲ್ಲ. ಕೊಳ್ಳಲು ಹಿಂಜರಿಯುವವರು ನೋಡಬೇಕಾದದ್ದು ಬ್ಲೇಡನ್ನೇ. ಪರದೆಯ ಬಲಬದಿ ಮತ್ತು ಕೆಳಭಾಗವನ್ನು ಇನ್‌ಸ್ಟಾಗ್ರಾಂನ ಗುಂಡಿಗಳೂ ವಿವರಣೆಯೂ ಮುಚ್ಚುತ್ತವೆ. ಆದ್ದರಿಂದ ಬಟ್ಟಲು, ಕೈ, ಅಕ್ಷರ ಮೂರೂ ನಡುವಿನಲ್ಲೇ ಇರಬೇಕು.

ಹಿನ್ನೆಲೆ ಸಂಗೀತ ಬೇಡ. ದಾರ ಎಳೆದಾಗ ಬರುವ ‘ಗರ್ರ್’ ಸದ್ದೇ ಸಾಕು. ದನಿ ಮುಚ್ಚಿಕೊಂಡು ನೋಡುವವರು ಬಹಳ ಮಂದಿ ಇರುವುದರಿಂದ ಪ್ರತಿ ಮಾತಿಗೂ ಪರದೆಯ ಮೇಲೆ ಅಕ್ಷರ ಬರಲಿ.

ಹೊಸ ಚಾಪರ್ ಬಳಸಬೇಡಿ. ಕ್ಯಾರೆಟ್ ಕತ್ತರಿಸಿ ಕತ್ತರಿಸಿ ಬಟ್ಟಲು ಸ್ವಲ್ಪ ಕಿತ್ತಳೆ ಬಣ್ಣಕ್ಕೆ ತಿರುಗಿರುವ ಹಳೆಯದೇ ಇರಲಿ. ಕಲೆಯನ್ನು ಉಜ್ಜಿ ತೆಗೆಯಬೇಡಿ. ಆ ಕಲೆಯೇ ನಮ್ಮ ಸಾಕ್ಷಿ. ಫಳಫಳ ಹೊಳೆಯುವ ಬಟ್ಟಲನ್ನು ಕಂಡ ಕೂಡಲೇ ‘ಓ, ಜಾಹೀರಾತು’ ಎಂದು ಹೆಬ್ಬೆರಳು ಮೇಲಕ್ಕೆ ಸರಿಯುತ್ತದೆ.

ಈರುಳ್ಳಿ ಆರು ಬೇಕು. ಮೂರು ಸಲವಾದರೂ ಮತ್ತೆ ತೆಗೆಯಬೇಕಾಗುತ್ತದೆ.

0:00–0:03

ದೃಶ್ಯ: ಕಪಾಟಿನ ಬಾಗಿಲು ತೆರೆಯುತ್ತದೆ. ಒಳಗೆ ಹಿಂದೊಮ್ಮೆ ಆಸೆಪಟ್ಟು ಕೊಂಡು ಮರೆತ ಸಾಮಾನುಗಳ ರಾಶಿ: ಹಿಡಿ ಮುರಿದ ತುರಿಯುವ ಮಣೆ, ಪೊಟ್ಟಣವನ್ನೇ ಬಿಚ್ಚದ ಸ್ಲೈಸರ್, ಮುಚ್ಚಳ ಕಳೆದುಹೋದ ಡಬ್ಬಿ. ಡಬ್ಬಿ ಉರುಳಿ ಕಟ್ಟೆಗೆ ಬೀಳುತ್ತದೆ. ನಿರೂಪಕಿ ಅದರ ಪಕ್ಕದಲ್ಲೇ ಚಾಪರನ್ನು ಇಡುತ್ತಾಳೆ.

ಅಮ್ಮ (ಹೊರಗಿನಿಂದ): ಇದೂ ಅಟ್ಟಕ್ಕೇ ತಾನೆ?

ಪರದೆಯ ಮೇಲೆ: ಇದೂ ಅಟ್ಟಕ್ಕೇ ತಾನೆ?

ಸೂಚನೆ: ಈ ಮಾತಿಗೆ ಮೊದಲು ‘ನಮಸ್ಕಾರ’ವಾಗಲಿ, ಚಾನೆಲ್ಲಿನ ಹೆಸರಾಗಲಿ ಬರಬಾರದು. ಅಮ್ಮ ನಟಿಸುವುದೂ ಬೇಡ. ಕಳೆದ ಸಲ ಹೇಳಿದ ಹಾಗೆಯೇ, ಬೇರೆ ಕೆಲಸ ಮಾಡುತ್ತಾ ಹೇಳಲಿ.

0:03–0:05

ನಿರೂಪಕಿ (ಕ್ಯಾಮೆರಾ ನೋಡದೆ, ಅಮ್ಮನಿಗೆ): ಇರಬಹುದು ಅಮ್ಮ. ಮೊದಲು ಇದು ಸೋಲುವುದನ್ನೇ ನೋಡು.

ದೃಶ್ಯ: ಸಿಪ್ಪೆ ಸುಲಿದ ಇಡೀ ಈರುಳ್ಳಿಯನ್ನು ಬಟ್ಟಲಿಗೆ ತುರುಕಿ, ಮುಚ್ಚಳವನ್ನು ಒತ್ತಿ ಕೂರಿಸುತ್ತಾಳೆ.

0:05–0:09

ದೃಶ್ಯ: ದಾರ ಎಳೆಯುತ್ತಾಳೆ. ಸಿಕ್ಕಿಕೊಳ್ಳುತ್ತದೆ. ಇನ್ನೊಮ್ಮೆ. ಬಟ್ಟಲೇ ಜಾರುತ್ತದೆ, ಬ್ಲೇಡು ಅಲುಗುವುದಿಲ್ಲ.

ನಿರೂಪಕಿ: ಇಡಿಯಾಗಿ ಹಾಕಿದರೆ ತಿರುಗುವುದಿಲ್ಲ. ಜಗ್ಗಿದರೆ ದಾರ ಹಾಳಾಗುತ್ತದೆ.

ಪರದೆಯ ಮೇಲೆ: ಇಡೀ ಈರುಳ್ಳಿ ಹಾಕಬೇಡಿ. ಜಗ್ಗಬೇಡಿ.

ಸೂಚನೆ: ಈ ನಾಲ್ಕು ಸೆಕೆಂಡನ್ನು ಸಂಕಲನದಲ್ಲಿ ಕತ್ತರಿಸೋಣವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕತ್ತರಿಸಬಾರದು. ‘ಕೆಲಸ ಮಾಡಲಿಲ್ಲ, ವಾಪಸು ಕಳಿಸಿದೆ’ ಎಂದು ನಮಗೆ ಬರೆದವರಲ್ಲಿ ಹೆಚ್ಚಿನವರು ಮಾಡಿದ್ದು ಇದನ್ನೇ. ಮುಚ್ಚಳದೊಳಗೆ ಇರುವುದು ಒಂದು ರಾಟೆ, ಒಂದು ಸುರುಳಿ ಸ್ಪ್ರಿಂಗ್, ಅಷ್ಟೇ. ಎಳೆದರೆ ಬ್ಲೇಡು ತಿರುಗುತ್ತದೆ, ಬಿಟ್ಟರೆ ಸ್ಪ್ರಿಂಗ್ ದಾರವನ್ನು ಒಳಕ್ಕೆ ಸುತ್ತಿಕೊಳ್ಳುತ್ತದೆ. ಬಟ್ಟಲು ತುಂಬಿ ಬಿಗಿದರೆ ಎಷ್ಟು ಬಲ ಹಾಕಿದರೂ ಆ ಬಲವೆಲ್ಲ ದಾರದ ಮೇಲೆಯೇ. ಇದನ್ನು ಮಾತಿನಲ್ಲಿ ವಿವರಿಸಲು ಸಮಯವಿಲ್ಲ. ಸಿಕ್ಕಿಕೊಂಡದ್ದನ್ನು ಕಣ್ಣಾರೆ ಕಂಡರೆ ಸಾಕು.

0:09–0:11

ದೃಶ್ಯ: ಈರುಳ್ಳಿಯನ್ನು ಹೊರತೆಗೆದು, ಚಾಕುವಿನಿಂದ ನಾಲ್ಕು ಹೋಳು ಮಾಡಿ, ಮತ್ತೆ ಬಟ್ಟಲಿಗೆ. ಅರ್ಧ ಬಟ್ಟಲಷ್ಟೇ ತುಂಬಿರುತ್ತದೆ. (ಇದನ್ನು ಮಾತ್ರ ವೇಗವಾಗಿ ಓಡಿಸಬಹುದು.)

ಪರದೆಯ ಮೇಲೆ: ನಾಲ್ಕು ಹೋಳು, ಅರ್ಧ ಬಟ್ಟಲು

0:11–0:18

ದೃಶ್ಯ: ಇಲ್ಲಿಂದ ಕಟ್ ಇಲ್ಲ, ವೇಗ ಹೆಚ್ಚಿಸುವುದೂ ಇಲ್ಲ. ನಿರೂಪಕಿ ಬಟ್ಟಲನ್ನು ಅಮ್ಮನ ಕಡೆಗೆ ಸರಿಸುತ್ತಾಳೆ. ಅಮ್ಮನ ಕೈ ಚೌಕಟ್ಟಿನೊಳಗೆ ಬರುತ್ತದೆ.

ನಿರೂಪಕಿ: ನೀನೇ ಎಳೆ.

ಅಮ್ಮ (ಎಳೆಯುತ್ತಾ): ಒಂದು, ಎರಡು, ಮೂರು, ನಾಲ್ಕು…

ಪರದೆಯ ಮೇಲೆ: ಎಣಿಕೆಯ ಅಂಕಿ ಮಾತ್ರ, ದೊಡ್ಡದಾಗಿ, 1ರಿಂದ 8ರವರೆಗೆ.

ಸೂಚನೆ: ಎಂಟಕ್ಕೆ ನಿಲ್ಲಿಸಿ. ಹದಿನೈದು ಸಲ ಎಳೆದರೆ ಈರುಳ್ಳಿ ನೀರು ಬಿಟ್ಟು ಮುದ್ದೆಯಾಗುತ್ತದೆ. ಹೋದ ಸಲ ಆದದ್ದು ಅದೇ, ಅದನ್ನು ನೋಡಿ ಯಾರಿಗೆ ಕೊಳ್ಳುವ ಮನಸ್ಸು ಬಂದೀತು! ಅಮ್ಮ ದಾರವನ್ನು ಮೇಲಕ್ಕೆ ಎತ್ತಿ ಎಳೆಯುತ್ತಾರೆ. ದಾರ ಹೊರಬರುವ ರಂಧ್ರದ ನೇರಕ್ಕೆ, ಅಡ್ಡಲಾಗಿ ಎಳೆಯಲು ಮೊದಲೇ ಹೇಳಿಡಿ. ಓರೆಯಾಗಿ ಎಳೆದರೆ ದಾರ ರಂಧ್ರದ ಅಂಚಿಗೆ ತಿಕ್ಕಿ ಸವೆಯುತ್ತದೆ. ಇನ್ನೊಂದು ಕೈ ಮುಚ್ಚಳದ ಮೇಲಿರಲಿ.

ಅಮ್ಮನ ಎಣಿಕೆ ತಪ್ಪಿದರೆ ತಪ್ಪಲಿ, ಅಂಕಿಯನ್ನು ಆಮೇಲೆ ಸರಿಪಡಿಸಿದರಾಯಿತು. ನಗು ಬಂದರೆ ಇನ್ನೂ ಒಳ್ಳೆಯದು.

0:18–0:20

ದೃಶ್ಯ: ಮುಚ್ಚಳ ತೆರೆಯುತ್ತದೆ, ಕ್ಯಾಮೆರಾ ಹತ್ತಿರಕ್ಕೆ ಹೋಗುತ್ತದೆ. ನಿರೂಪಕಿ ಚಮಚದಿಂದ ಒಂದು ದೊಡ್ಡ ತುಂಡನ್ನು ಹುಡುಕಿ ಮೇಲೆತ್ತುತ್ತಾಳೆ. ಬ್ಲೇಡು ಒಳಗಿರುವಾಗ ಬೆರಳು ಹಾಕುವುದು ಬೇಡ, ರೀಲ್‌ಗಾಗಿಯೂ ಬೇಡ.

ನಿರೂಪಕಿ: ಒಂದೇ ಅಳತೆಗೆ ಬಂದಿಲ್ಲ. ಒಗ್ಗರಣೆಗೆ ಸಾಕು.

ಪರದೆಯ ಮೇಲೆ: ಒಂದೇ ಅಳತೆಗೆ ಬರುವುದಿಲ್ಲ

ಸೂಚನೆ: ‘ಕಣ್ಣೀರೇ ಬರುವುದಿಲ್ಲ’ ಎಂಬ ಮಾತನ್ನು ಕಂಪನಿಯವರು ಕಳುಹಿಸಿದ ಪಟ್ಟಿಯಿಂದ ನಾನೇ ತೆಗೆದುಹಾಕಿದ್ದೇನೆ. ಈರುಳ್ಳಿಯ ಜೀವಕೋಶ ಒಡೆದಾಗ ಹೊರಡುವ ಅನಿಲವೇ ಕಣ್ಣು ಉರಿಸುವುದು. ಮುಚ್ಚಳ ಹಾಕಿರುವಷ್ಟು ಹೊತ್ತು ಅದು ಒಳಗೆ ಉಳಿಯುತ್ತದೆ ನಿಜ. ಆದರೆ ನಾಲ್ಕು ಹೋಳು ಮಾಡುವಾಗಲೂ ಮುಚ್ಚಳ ತೆರೆದಾಗಲೂ ಮುಖಕ್ಕೆ ಬಡಿಯುತ್ತದೆ. ಅಮ್ಮನ ಕಣ್ಣಲ್ಲಿ ನೀರು ಕಾಣಿಸಿಕೊಂಡ ಮರುಕ್ಷಣವೇ ನಾವು ಹೇಳಿದ ಉಳಿದದ್ದೆಲ್ಲ ಸುಳ್ಳಾಗುತ್ತದೆ. ‘ಉರಿ ಕಡಿಮೆ’ ಎನ್ನಬಹುದು, ಆದರೆ ಈ ಭಾಗದಲ್ಲಿ ಅದೂ ಬೇಡ.

0:20–0:22

ದೃಶ್ಯ: ಅಮ್ಮನ ಕೈ ಚೌಕಟ್ಟಿನಿಂದ ಹೊರಗೆ ಹೋಗುತ್ತದೆ. ಮಗಳು ಬಟ್ಟಲು ನೋಡುತ್ತಾ ಸಣ್ಣಗೆ ನಗುತ್ತಾಳೆ.

ಅಮ್ಮ: ಸರಿ. ತೊಳೆಯುವುದು ಯಾರು?

ಪರದೆಯ ಮೇಲೆ: ತೊಳೆಯುವುದು ಯಾರು?

ಕಟ್. ಮುಂದಿನ ದೃಶ್ಯ ನೇರವಾಗಿ ನಲ್ಲಿಯ ಕೆಳಗೆ: ಬ್ಲೇಡನ್ನು ನಡುವಿನ ಪ್ಲಾಸ್ಟಿಕ್ ಕಡ್ಡಿಯಿಂದ ಹಿಡಿದೆತ್ತುವುದು, ಬಟ್ಟಲನ್ನು ನೀರಿನಡಿ ಇಡುವುದು, ಮುಚ್ಚಳವನ್ನು ಮುಳುಗಿಸದೆ ಒದ್ದೆ ಬಟ್ಟೆಯಿಂದ ಒರೆಸುವುದು.

ಹೆಚ್ಚುವರಿಯಾಗಿ ಧ್ವನಿಮುದ್ರಿಸಿಡಬೇಕಾದ ಮಾತು (ಮೊದಲ ಮೂರು ಸೆಕೆಂಡಿಗೆ ಬದಲಿ): ಅಮ್ಮ: ‘ಚಾಕು ಇರುವಾಗ ಇದೆಲ್ಲ ಏಕೆ?’ ನನಗೆ ಅಟ್ಟದ ಮಾತೇ ಇಷ್ಟ. ಚಾಕುವಿನ ಪ್ರಶ್ನೆಗೆ ಉತ್ತರ ಕೊಡಲು ಹೊರಟರೆ ವಾದಕ್ಕಿಳಿದ ಹಾಗಾಗುತ್ತದೆ, ಕಪಾಟಿನ ರಾಶಿಗೆ ಉತ್ತರವೇ ಬೇಕಿಲ್ಲ. ಆದರೂ ಎರಡನ್ನೂ ತೆಗೆದಿಡಿ, ಸಂಜೆ ಕುಳಿತು ನೋಡಿ ಆರಿಸೋಣ.