ಗುಲಾಬಿ ಚಿತ್ರವಿಲ್ಲದ ಒಂದು ವಾರದ ಶುಭೋದಯ

ಸೋಮವಾರ
ನಮ್ಮ ಮನೆಯ ಗುಂಪಿನ ಎಲ್ಲರಿಗೂ ಶುಭೋದಯ. ಚಿಕ್ಕಬಳ್ಳಾಪುರದಲ್ಲಿ ನಂದಿ ಬೆಟ್ಟ ಇದೆಯೋ ಇಲ್ಲವೋ ಎಂಬಷ್ಟು ಮಂಜು ಕವಿದಿದೆ. ಬೆಂಗಳೂರಿಗೆ ಹೊರಟಿರುವ ನಮ್ಮ ಪುಟ್ಟ ದೇವನಹಳ್ಳಿ ದಾಟುವವರೆಗೆ ನಿಧಾನವಾಗಿ ಓಡಿಸಲಿ. ಕಚೇರಿ ಎಲ್ಲಿಗೂ ಓಡಿಹೋಗುವುದಿಲ್ಲ. ತಲುಪಿದ ಮೇಲೆ ಇಲ್ಲೊಂದು ಮಾತು ಬರೆಯಪ್ಪ. ಹೆಬ್ಬೆರಳಿನ ಗುರುತು ಹಾಕಿದರೆ ಅಜ್ಜಿಗೆ ಸಮಾಧಾನವಾಗುವುದಿಲ್ಲ.

ಮಂಗಳವಾರ
ಶುಭೋದಯ. ಸಂತೆಗೆ ಸೊಗಡಿನ ಅವರೆಕಾಯಿ ಬಂದಿದೆ. ರಾತ್ರಿಯೇ ಕಾಳು ಬಿಡಿಸಿ ನೆನೆಹಾಕಿದ್ದೆ, ಈಗ ಹಿತಕುತ್ತಾ ಕುಳಿತಿದ್ದೇನೆ. ಬೆರಳಿನಲ್ಲಿ ಒತ್ತಿದರೆ ಬೇಳೆ ಚಿಮ್ಮಿ ಸೋಫಾದ ಕೆಳಗೆ ಹೋಗುತ್ತದೆ, ನಿಮ್ಮ ಮಾವ ಟಾರ್ಚ್ ಹಿಡಿದು ಹುಡುಕುತ್ತಾರೆ. ಮಧ್ಯಾಹ್ನ ಹಿತಕಿದ ಬೇಳೆ ಸಾರು, ರಾಗಿ ಮುದ್ದೆ. ಅಮೆರಿಕದಲ್ಲಿರುವವರು ಇದನ್ನು ಓದದೆ ಮುಂದೆ ಹೋಗಬಹುದು. ಕೋಲಾರದ ಅತ್ತಿಗೆ, ನೀವು ಸಾರಿಗೆ ಗಸಗಸೆ ಹಾಕುತ್ತೀರಾ? ನಮ್ಮಲ್ಲಿ ಈ ವಿಷಯಕ್ಕೆ ಬೆಳಗಿನಿಂದ ಎರಡು ಪಕ್ಷ.

ಬುಧವಾರ
ಶುಭೋದಯ. ಹಾಲಿನವನು ಸಮಯಕ್ಕೆ ಬಂದ. ಇವತ್ತಿಗೆ ಇದೇ ದೊಡ್ಡ ಸುದ್ದಿ.

ಗುರುವಾರ
ಶಿಡ್ಲಘಟ್ಟದ ಭಾವನವರಿಗೆ ವಿಶೇಷ ಶುಭೋದಯ. ರೇಷ್ಮೆ ಹುಳು ನಾಲ್ಕನೆಯ ಜ್ವರದಿಂದ ಎದ್ದು ಹಗಲೂ ರಾತ್ರಿ ಸೊಪ್ಪು ತಿನ್ನುತ್ತಿವೆಯಂತೆ, ಇವರಿಗೆ ಮಾತ್ರ ನಿದ್ದೆಯಿಲ್ಲ. ಈ ಚಳಿಗೆ ಮನೆ ಬೆಚ್ಚಗಿಡುವುದೇ ಒಂದು ಕೆಲಸ. ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನ ಹೇಳಿ, ರಜೆಯಲ್ಲಿರುವ ಹುಡುಗರನ್ನು ಕಳಿಸುತ್ತೇನೆ. ಮೊಬೈಲ್ ಮಾತ್ರ ಬಾಗಿಲಲ್ಲೇ ಕಿತ್ತಿಟ್ಟುಕೊಳ್ಳಿ, ಇಲ್ಲದಿದ್ದರೆ ಕೆಲಸಕ್ಕಿಂತ ಫೋಟೋ ಹೆಚ್ಚಾಗುತ್ತದೆ. ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ ಸಿಗಲಿ ಎಂದು ಎಲ್ಲರೂ ಒಂದು ಸಾಲು ಬರೆಯಿರಿ.

ಶುಕ್ರವಾರ
ಧನುರ್ಮಾಸದ ಶುಭೋದಯ. ಕತ್ತಲಿರುವಾಗಲೇ ದೇವಸ್ಥಾನಕ್ಕೆ ಹೋಗಿ ಬಂದೆವು. ಹುಗ್ಗಿ ಬಿಸಿಯಾಗಿತ್ತು, ಮೆಣಸು ಹಲ್ಲಿಗೆ ಸಿಕ್ಕಿ ನಿದ್ದೆ ಹಾರಿಹೋಯಿತು. ಅಮ್ಮ, ನಿನ್ನ ಪಾಲು ಡಬ್ಬಿಯಲ್ಲಿದೆ. ಮಾತ್ರೆ ನುಂಗಿದ ಮೇಲೆಯೇ ಕೊಡುವುದು.

ಶನಿವಾರ
ಮಕ್ಕಳಿಗೆ ಶುಭೋದಯ, ದೊಡ್ಡವರು ಬಾಯಿ ಮುಚ್ಚಿಕೊಂಡಿರಬೇಕು. ನಂದಿಯಲ್ಲಿ ಭೋಗನಂದೀಶ್ವರ, ಯೋಗನಂದೀಶ್ವರ ಎಂದು ಎರಡು ದೇವಸ್ಥಾನಗಳಿವೆ. ಯಾವುದು ಬೆಟ್ಟದ ಮೇಲೆ, ಯಾವುದು ಬುಡದಲ್ಲಿ? ಗೂಗಲ್ ನೋಡದೆ ಮೊದಲು ಸರಿಯಾಗಿ ಹೇಳಿದವರಿಗೆ ಒಂದು ಡಬ್ಬಿ ಚಕ್ಕುಲಿ. ಕಳೆದ ಸಲದಂತೆ ಅಣ್ಣನೇ ಮಗನ ಹೆಸರಿನಲ್ಲಿ ಉತ್ತರ ಬರೆದರೆ ಚಕ್ಕುಲಿ ನನಗೇ.

ಭಾನುವಾರ
ಬೇಕೆಂದೇ ಒಂಬತ್ತಕ್ಕೆ ಕಳಿಸುತ್ತಿದ್ದೇನೆ, ಯಾರನ್ನೂ ಎಬ್ಬಿಸಿದ ಪಾಪ ಬೇಡ. ಶುಭೋದಯ. ಬುಡದಲ್ಲಿರುವುದು ಭೋಗನಂದೀಶ್ವರ, ಚಕ್ಕುಲಿ ಚಿಂತಾಮಣಿಗೆ ಹೋಗುತ್ತದೆ. ಮುಂದಿನ ವಾರ ಬೆಳಗಿನ ಪಾಳಿ ಅತ್ತಿಗೆಯದು. ಅತ್ತಿಗೆ, ಹೂವಿನ ಮೇಲೆ ಸೂರ್ಯ ಹುಟ್ಟುವ ಚಿತ್ರವೇನಾದರೂ ಕಳಿಸಿದಿರೋ, ಸಂಕ್ರಾಂತಿಗೆ ಎಳ್ಳು ಹುರಿಯುವ ಕೆಲಸ ಪೂರ್ತಿ ನಿಮ್ಮದೇ.