ಈ ರೀಲ್‌ಗೆ ಹಾಡು ಹಾಕಿಲ್ಲ, ನಿಮ್ಮದನ್ನೇ ಹಾಕಿಕೊಳ್ಳಿ 🌧️☕

ಸೌಂಡ್ ಆನ್ ಮಾಡಿ ನೋಡಿ. ಕೇಳಿಸ್ತಿರೋದು ಪೂರ್ತಿ ನಮ್ಮನೆ ಮಾಡಿನದು.

ಮೊದಲು ಬರೋದು ಹೆಂಚಿನ ಮೇಲಿನ ಮಳೆ. ಅದು ಶ್ರುತಿ, ಏರೋದಿಲ್ಲ, ಇಳಿಯೋದಿಲ್ಲ. ನಾಲ್ಕನೇ ಸೆಕೆಂಡಿಗೆ ಕ್ಯಾಮೆರಾ ಕೊಟ್ಟಿಗೆ ಕಡೆ ತಿರುಗುತ್ತಲ್ಲ, ಅಲ್ಲಿ ತಗಡು ಶುರು. ತಗಡಿಗೆ ಮೆತ್ತಗೆ ನುಡಿಸೋದು ಗೊತ್ತೇ ಇಲ್ಲ, ಅದಕ್ಕೇ ಸ್ವಲ್ಪ ವಾಲ್ಯೂಮ್ ಇಳಿಸಿದ್ದೀನಿ. ಆಮೇಲೆ ಮಾಡಿನ ನೀರು ತಾಮ್ರದ ಹಂಡೆಗೆ ಬೀಳೋ ಸದ್ದು. ಹಂಡೆ ಖಾಲಿ ಇದ್ದಾಗ ಗಂಟಲು ದೊಡ್ಡದು, ತುಂಬ್ತಾ ತುಂಬ್ತಾ ದನಿ ಸಣ್ಣಗಾಗಿ ಮೇಲಕ್ಕೆ ಹೋಗುತ್ತೆ, ಕಿವಿಗೊಟ್ಟರೆ ಗೊತ್ತಾಗುತ್ತೆ. ಕೊನೆಗೆ ಒಲೆ ಮೇಲಿನ ಚಹಾ. ಅದು ಹಮ್ಮಿಂಗ್. ಪದ ಬರೋಕೆ ಮುಂಚೆ ನಾಯಕಿ ಬಾಯಿ ಮುಚ್ಚಿಕೊಂಡೇ ಏನೋ ಗುನುಗ್ತಾಳಲ್ಲ, ಅದು.

ಇಷ್ಟು ಇದ್ದ ಮೇಲೆ ಇದರ ಮೇಲೆ ಇನ್ನೊಂದು ಹಾಡು ಹಾಕೋಕೆ ಮನಸ್ಸು ಬರಲಿಲ್ಲ. ಮಳೆ ಅಂದ ತಕ್ಷಣ ನಿಮ್ಮ ತಲೆಯೊಳಗೆ ಒಂದು ಹಾಡು ಆಗಲೇ ಶುರುವಾಗಿರುತ್ತೆ. ಒಬ್ಬರಿಗೆ ರೇಡಿಯೋ ಕಾಲದ್ದು, ಪಿಟೀಲುಗಳ ಗುಂಪು ಒಟ್ಟಿಗೆ ಎದ್ದು ಬರುವಂಥದ್ದು. ಇನ್ನೊಬ್ಬರಿಗೆ ಕಾಲೇಜು ಬಸ್ಸಿನ ಕಿಟಕಿ ಪಕ್ಕದ ಸೀಟಿನದು, ಒಂದೇ ಇಯರ್‌ಫೋನನ್ನ ಇಬ್ಬರು ಹಂಚಿಕೊಂಡು ಕೇಳಿದ್ದು. ನಮ್ಮಪ್ಪನಿಗೆ ಭದ್ರಾವತಿ ಆಕಾಶವಾಣಿಯಿಂದ ಬಂದದ್ದು ಮಾತ್ರ ಹಾಡು. ಗುಡುಗಿದಾಗ ನಡುವೆ ಬರ್ತಿದ್ದ ಕರಕರ ಸದ್ದೂ ಅವರ ಲೆಕ್ಕದಲ್ಲಿ ಆ ಹಾಡಿನದೇ ಭಾಗ. ಈಗ ಫೋನಿನಲ್ಲಿ ಅದೇ ಹಾಡು ಚೊಕ್ಕವಾಗಿ ಕೇಳಿಸಿದರೆ "ಏನೋ ಕಮ್ಮಿ ಆಯ್ತು" ಅಂತಾರೆ.

ಈಗ ಈ ರೀಲಿನ ನಿಜವಾದ ವಿಷಯ.

ಮಳೆಗೂ ವಿರಹಕ್ಕೂ ಏನೋ ಒಪ್ಪಂದ ಇದೆ. ನಮ್ಮ ಸಿನಿಮಾ ಹಾಡುಗಳು ಅದನ್ನ ನಮ್ಮ ಮೈಗೆ ಎಷ್ಟು ಹಿಡಿಸಿಬಿಟ್ಟಿವೆ ಅಂದ್ರೆ, ಮೋಡ ಕಪ್ಪಾದ ಕೂಡಲೇ ಯಾರನ್ನಾದರೂ ನೆನೆಸಿಕೊಳ್ಳಬೇಕು ಅನ್ನಿಸೋಕೆ ಶುರುವಾಗುತ್ತೆ. ನಾನೂ ಜಗಲಿ ಕಟ್ಟೆ ಮೇಲೆ ಕೂತು, ಕಂಬಕ್ಕೆ ತಲೆ ಆನಿಸಿ, ದೂರ ನೋಡ್ತಾ ಸಾಕಷ್ಟು ಸಿದ್ಧನಾದೆ. ಎದೆ ಭಾರ ಆಯ್ತು. ಕಣ್ಣು ಅರ್ಧ ಮುಚ್ಚಿತು. ತೋಟದ ಕಡೆಯಿಂದ ಗಾಳಿ ಬಂತು. ಎಲ್ಲಾ ಸರಿಯಾಗೇ ಇತ್ತು. ತೊಂದರೆ ಒಂದೇ, ನೆನೆಸಿಕೊಳ್ಳಬೇಕಾದವಳು ಹತ್ತು ಹೆಜ್ಜೆ ದೂರದ ಅಡುಗೆಮನೆಯಲ್ಲಿ ಶುಂಠಿ ಜಜ್ಜುತ್ತಿದ್ದಳು.

ಆದರೂ ನೆನಪಾದಳು! ಅದೇ ವಿಚಿತ್ರ. ವಿರಹ ಪಡೋಕೆ ಯಾರೂ ಊರು ಬಿಟ್ಟು ಹೋಗಿರಬೇಕಿಲ್ಲ. ಜೋರು ಮಳೆಯಲ್ಲಿ ನಡುವಿನ ಬಾಗಿಲೂ ದೂರವೇ. ಅವಳು ಏನೋ ಹೇಳಿದರೆ ನನಗೆ ಕೇಳಿಸದು, ನಾನು ಏನೋ ಅಂದರೆ ಅವಳಿಗೆ ತಲುಪದು. ಇಬ್ಬರೂ "ಆಂ?" "ಏನು?" ಅಂತ ಕೂಗ್ತಾ ಇರ್ತೀವಿ. ಸಿನಿಮಾದಲ್ಲಾದರೆ ಇದೇ ಕೂಗು ಎರಡು ಬೆಟ್ಟಗಳ ನಡುವೆ ನಡೀತಿತ್ತು, ಅಷ್ಟೇ ವ್ಯತ್ಯಾಸ.

ಅವಳ ವಿಷಯ ಸ್ವಲ್ಪ ಹೇಳಲೇಬೇಕು. ನಮ್ಮದು ಸಾಗರದ ಕಡೆ. ಅವಳು ಚಳ್ಳಕೆರೆ ಕಡೆಯವಳು. ಅಲ್ಲಿ ಮೋಡ ಕಂಡರೆ ಜನ ಮನೆಯಿಂದ ಹೊರಗೆ ಬರ್ತಾರೆ, ಇಲ್ಲಿ ಒಳಗೆ ಓಡ್ತೀವಿ. ಮದುವೆಯಾಗಿ ಬಂದ ಮೊದಲ ಮಳೆಗಾಲ ಅವಳು ಈ ಜಗಲಿ ಬಿಟ್ಟು ಏಳಲೇ ಇಲ್ಲ. "ಇಷ್ಟೊಂದು ನೀರು ಸುಮ್ಮನೆ ಹರಿದು ಹೋಗುತ್ತಲ್ರೀ" ಅಂತ ಹೊಟ್ಟೆ ಉರಿದುಕೊಳ್ಳೋಳು. ಎಲ್ಲಿಗೂ ಹೋಗಲ್ಲ, ಹಳ್ಳ ಸೇರಿ ಶರಾವತಿಗೆ ಹೋಗುತ್ತೆ ಅಂತ ಅಪ್ಪ ಸಮಾಧಾನ ಮಾಡ್ತಿದ್ದರು. ಅವರಿಗೆ ಮಳೆ ಅಂದ್ರೆ ಲಿಂಗನಮಕ್ಕಿ. ಬೆಳಿಗ್ಗೆ ಪೇಪರ್ ಬಂದರೆ ಮೊದಲು ನೋಡೋದೇ ಡ್ಯಾಮಿನ ಮಟ್ಟ. 1819 ಅಡಿ ಮುಟ್ಟೋವರೆಗೂ ಅವರ ಪ್ರಕಾರ ಮಳೆಗಾಲ ಪೂರ್ತಿಯಾಗಿಲ್ಲ. ಈಗ ಸೊಸೆಗೂ ಅದೇ ಚಾಳಿ ಹಿಡಿದಿದೆ. ಇಬ್ಬರೂ ಪೇಪರ್ ಮುಂದೆ ಕೂತು ಅಡಿ ಎಣಿಸ್ತಾರೆ.

ಚಹಾ ನಮ್ಮನೆಗೆ ಬಂದದ್ದು ಅವಳ ಜೊತೆಗೇ. ಅದಕ್ಕೂ ಮೊದಲು ಇಲ್ಲಿ ಕಷಾಯದ ರಾಜ್ಯ. ಕೊತ್ತಂಬರಿ, ಜೀರಿಗೆ, ಮೆಂತ್ಯ, ನಾಲ್ಕು ಕಾಳುಮೆಣಸು ಹುರಿದು ಪುಡಿ ಮಾಡಿ, ಬೆಲ್ಲ ಹಾಕಿ ಕುದಿಸಿ ಹಾಲು ಬಿಟ್ಟರೆ ಅಮ್ಮನ ಕೆಲಸ ಮುಗೀತಿತ್ತು. ಇವಳು ಬಂದವಳು ಕಡಕ್ ಚಹಾ ಇಲ್ಲದೆ ಸಂಜೆಯೇ ಆಗಲ್ಲ ಅಂದಳು. ಅತ್ತೆ ಸೊಸೆ ನಡುವೆ ಜಗಳ ಆಗಲಿಲ್ಲ, ಅದಕ್ಕಿಂತ ವಿಚಿತ್ರವಾದದ್ದು ಆಯ್ತು. ಅಮ್ಮ ಒಂದು ದಿನ ಸದ್ದಿಲ್ಲದೆ ಹಿತ್ತಲಿಂದ ಮಜ್ಜಿಗೆಹುಲ್ಲು ಕೊಯ್ದು ತಂದು ಚಹಾದ ಪಾತ್ರೆಗೆ ಹಾಕಿಬಿಟ್ಟರು. ಅಂದಿನಿಂದ ಅದು ಚಳ್ಳಕೆರೆಯ ಚಹಾ ಅಲ್ಲ, ಸಾಗರದ ಕಷಾಯವೂ ಅಲ್ಲ. ನೀವು ರೀಲಿನಲ್ಲಿ ನೋಡ್ತಿರೋ ಆ ಹಸಿರು ಗಂಟು ಅದೇ.

ಮಾಡೋದು ಹೇಗೆ ಅಂತ ಕೇಳೋರಿಗೆ ಈಗಲೇ ಹೇಳಿಬಿಡ್ತೀನಿ. ಶುಂಠಿ, ಮಜ್ಜಿಗೆಹುಲ್ಲು ಎರಡನ್ನೂ ಬರೀ ನೀರಲ್ಲಿ ಚೆನ್ನಾಗಿ ಕುದಿಸಿ, ಆಮೇಲೆ ಪುಡಿ, ಆಮೇಲೆ ಹಾಲು. ಹಸಿ ಶುಂಠಿಯನ್ನ ನೇರ ಹಾಲಿಗೆ ಹಾಕಿದರೆ ಒಡೆದು ಹೋಗೋ ಸಾಧ್ಯತೆ ಇದೆ. ಸಕ್ಕರೆ ನಿಮ್ಮಿಷ್ಟ. ಅವಳ ಪ್ರಕಾರ ಜಾಸ್ತಿ ಇರಬೇಕು.

ಹನ್ನೊಂದನೇ ಸೆಕೆಂಡಿನ ಶಾಟ್ ಬಗ್ಗೆ ಸ್ನೇಹಿತರು ಆಗಲೇ ಮೆಸೇಜ್ ಮಾಡಿದಾರೆ, ಮಳೆ ಎಳೆ ಎಳೆಯಾಗಿ ಕಾಣಿಸ್ತಿರೋದು ಎಡಿಟಿಂಗಾ ಅಂತ. ಅಲ್ಲ. ಕ್ಯಾಮೆರಾ ಕಡೆಯಿಂದ ಬೆಳಕು ಬಿಟ್ಟರೆ ಮಳೆ ಸರಿಯಾಗಿ ಕಾಣೋದೇ ಇಲ್ಲ, ಬರೀ ಒದ್ದೆ ಅಂಗಳ ಕಾಣುತ್ತೆ. ಬೆಳಕು ಮಳೆಯ ಹಿಂದಿನಿಂದ ನಮ್ಮ ಕಡೆ ಬರಬೇಕು. ಸಿನಿಮಾದವರು ಟ್ಯಾಂಕರ್ ನೀರನ್ನ ಪೈಪಿನಲ್ಲಿ ಹಾರಿಸಿ, ಹಿಂದೆ ದೊಡ್ಡ ದೀಪ ನಿಲ್ಲಿಸ್ತಾರೆ. ನನಗೆ ಕೊಟ್ಟಿಗೆಯ ಬಲ್ಬು ಸಾಕಾಯ್ತು. ಅದೂ ಹಳೇ ಹಳದಿ ಬಲ್ಬು. ಅಗ್ಗದ ಎಲ್‌ಇಡಿ ಹಾಕಿ ಸ್ಲೋ ಮೋಷನ್ ತೆಗೆದರೆ ಮಿಣಮಿಣ ಅನ್ನುತ್ತೆ. ಆ ಹಳದಿ ಬೆಳಕಿಗೇ ಅರ್ಧ ಹಾಡು ಬಂದುಬಿಡುತ್ತೆ ನೋಡಿ. ಆ ಚೌಕಟ್ಟಿನಲ್ಲಿ ಯಾರು ನಿಂತರೂ ಯಾರನ್ನೋ ಕಾಯ್ತಿರೋ ಹಾಗೇ ಕಾಣ್ತಾರೆ. ನಮ್ಮ ಗೌರಿ (ಹಸು) ಕೂಡ.

ಸಿನಿಮಾ ಮಳೆಯಲ್ಲಿ ಇಲ್ಲದ್ದು ನಮ್ಮ ಮಳೆಯಲ್ಲಿ ಬೇಕಾದಷ್ಟಿದೆ. ಅಲ್ಲಿ ನಾಯಕನಿಗೆ ಇಂಬಳ ಕಚ್ಚಲ್ಲ. ನಾಯಕಿಯ ಸೀರೆಗೆ ಹೊಗೆ ವಾಸನೆ ಇರಲ್ಲ. ಇಲ್ಲಿ ಬಚ್ಚಲೊಲೆ ಮೇಲೆ ಒಣಗಿದ ಬಟ್ಟೆ ಹಾಕ್ಕೊಂಡು ಪ್ರೀತಿ ಮಾಡಬೇಕು. ಮುಖ್ಯವಾಗಿ ಅಲ್ಲಿ ಯಾರಿಗೂ ಅಡಿಕೆ ತೋಟ ಇರಲ್ಲ. ಆರಿದ್ರಾ ಮಳೆ ಆರದೇ ಹೊಯ್ತು, ಈಗ ಪುನರ್ವಸುವೂ ಬಿಡ್ತಿಲ್ಲ. ಎರಡನೇ ಸಲ ಔಷಧಿ ಹೊಡೆಯೋಕೆ ಒಂದು ದಿನದ ಹೊಳವು ಸಿಗಬೇಕು, ಸುಣ್ಣ ಮೈಲುತುತ್ತ ತಂದಿಟ್ಟುಕೊಂಡು ಕೂತಿದ್ದೀವಿ. ಮರ ಹತ್ತಿ ಔಷಧಿ ಹೊಡೆಯೋ ಕೊನೆಗೌಡನೂ ಕೂತಿದ್ದಾನೆ. ಕೊಳೆ ಬಂದರೆ ಹಸಿ ಕಾಯಿ ನೆಲ ತುಂಬಾ ಉದುರುತ್ತೆ. ಹಾಗಾಗಿ ಈ ರೀಲಿನಲ್ಲಿ ನಾನು ದೂರ ನೋಡ್ತಾ ಕೂತಿರೋ ಶಾಟ್ ಇದೆಯಲ್ಲ, ಅದರಲ್ಲಿ ಅರ್ಧ ಪ್ರೇಮ, ಅರ್ಧ ಕೊಳೆರೋಗ. ಯಾವುದು ಎಷ್ಟು ಅಂತ ಮುಖ ನೋಡಿ ಹೇಳೋಕಾಗಲ್ಲ.

ಆದರೆ ಚಹಾ ಬಂದ ಗಳಿಗೆ ಬೇರೆ.

ಹಾಡಿನಲ್ಲಿ ಪಲ್ಲವಿ ಮುಗಿದು, ವಾದ್ಯಗಳೆಲ್ಲ ಒಮ್ಮೆ ಹಿಂದೆ ಸರಿದು, ಕೊಳಲೊಂದೇ ಉಳಿಯುತ್ತಲ್ಲ, ಅಂಥದ್ದು. ಮಳೆ ಅಷ್ಟೇ ಇತ್ತು, ನನಗೆ ಮಾತ್ರ ಕಡಿಮೆಯಾದ ಹಾಗೆ ಕೇಳಿಸಿತು. ನೀನು ಸೆರಗಲ್ಲಿ ಲೋಟ ಹಿಡಿದುಕೊಂಡು ಹೊಸಿಲು ದಾಟಿದೆ. ಹಳದಿ ಬೆಳಕು ನಿನ್ನ ಕೆನ್ನೆವರೆಗೆ ಬಂದು, ಅಲ್ಲೇ ನಿಂತಿತು. ಕೂದಲಿಗೆ ಇರಚಲು ಸಿಡಿದಿತ್ತು. ನನಗೊಂದು ಲೋಟ ಕೊಟ್ಟೆ, ನಿನ್ನದನ್ನ ಕಟ್ಟೆ ಮೇಲಿಟ್ಟು ಮಳೆಗೆ ಕೈ ಚಾಚಿದೆ, ಇಷ್ಟು ವರ್ಷ ಇಲ್ಲಿದ್ದೂ ಇನ್ನೂ ನಂಬಿಕೆ ಬಾರದವಳ ಹಾಗೆ. ಅಂಗೈ ತುಂಬಿತು. ಚೆಲ್ಲಿದೆ. ಮತ್ತೆ ಚಾಚಿದೆ. ನಿನ್ನ ಊರಿನ ಒಣ ನೆಲಕ್ಕೆ ಇಲ್ಲಿಂದ ಒಂದು ಬೊಗಸೆ ಕಳಿಸೋ ದಾರಿ ಇದ್ದಿದ್ದರೆ ಕಳಿಸ್ತಿದ್ದೆಯೇನೋ. ನಾನು ಏನೋ ಹೇಳಬೇಕು ಅಂದುಕೊಂಡೆ. ಬಾಯಿಗೆ ಬಂದದ್ದೆಲ್ಲ ಆಗಲೇ ಯಾರೋ ಹಾಡಿದ ಸಾಲುಗಳೇ. ಸುಮ್ಮನಾದೆ, ಚಹಾ ಕುಡಿದೆ.

ಅವಳೇ ಮೊದಲು ಮಾತಾಡಿದ್ದು. "ಮೊಬೈಲ್ ಇಟ್ಟು ಹಪ್ಪಳ ನೋಡ್ರೀ, ಕೆಂಡದ ಮೇಲೆ ಬಿಟ್ಟು ಬಂದಿದ್ದೀನಿ."

ಹಲಸಿನ ಹಪ್ಪಳ ಸುಡೋಕೆ ನಿಗಾ ಬೇಕು, ಮಗುಚೋದು ತಡವಾದರೆ ಇದ್ದಿಲು. ಓಡಿದೆ. ಕೊನೆಗೆ ಫ್ರೇಮ್ ಅಲ್ಲಾಡಿ, ಕಂಬ, ಮಾಡು, ನನ್ನ ಕಾಲು ಎಲ್ಲಾ ಕಾಣಿಸುತ್ತಲ್ಲ, ಅದು ಅದೇ. ಕತ್ತರಿಸಬಹುದಿತ್ತು. ಬೇಕಂತಲೇ ಬಿಟ್ಟಿದ್ದೀನಿ, ಅಲ್ಲಿ ಅವಳ ನಗು ಕೇಳಿಸುತ್ತೆ.

ನಿಮ್ಮ ತಲೆಯಲ್ಲಿ ಯಾವ ಹಾಡು ಓಡ್ತು ಅಂತ ಕಮೆಂಟಲ್ಲಿ ಹೇಳಿ, ಆದರೆ ಸಾಲು ಬರೀಬೇಡಿ. ಅದನ್ನ ಮೊದಲ ಸಲ ಎಲ್ಲಿ ಕೇಳಿದ್ರಿ, ಆಗ ಪಕ್ಕದಲ್ಲಿ ಯಾರಿದ್ದರು ಅಂತ ಮಾತ್ರ ಬರೀರಿ. ಹಾಡು ನಾವು ಊಹೆ ಮಾಡ್ತೀವಿ. ಬೆಂಗಳೂರಲ್ಲಿ ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡು ಇದನ್ನ ನೋಡ್ತಿರೋರು, ದೂರದ ದೇಶದಲ್ಲಿ ಟೀ ಬ್ಯಾಗ್ ಅದ್ದುತ್ತಾ ಕೂತಿರೋರು, ನಿಮಗೆ ಮೊದಲ ಸರದಿ.

ಚಹಾ: ಅವಳದು
ಮಜ್ಜಿಗೆಹುಲ್ಲು: ಅಮ್ಮನದು
ಹಪ್ಪಳ: ಹೋದ ಬೇಸಿಗೆಯಲ್ಲಿ ಎಲ್ಲರೂ ಸೇರಿ ಮಾಡಿದ್ದು
ಬೆಳಕು: ಕೊಟ್ಟಿಗೆ
ಸಂಗೀತ: ಪುನರ್ವಸು

#ಮಳೆಸಂಜೆ #ಚಹಾ #ಮಲೆನಾಡು #ಸಾಗರ #ಜಗಲಿಕಟ್ಟೆ #ಹಲಸಿನಹಪ್ಪಳ #ಕನ್ನಡರೀಲ್ಸ್ #ಹಾಡಿಲ್ಲದಹಾಡು