ಬೆಳಗಿನ ಡಾಕ್ಟರಿಗೆ: ರಾತ್ರಿ ಹಾಕಿದ ಮೆಸೇಜ್‌ಗಳನ್ನು ಬಿಡಿಸಿ ಬರೆದಿದ್ದೇನೆ

ಡಾಕ್ಟರ್, ಗುಡ್ ಮಾರ್ನಿಂಗ್. ರಾತ್ರಿ ಕೆಲಸದ ಮಧ್ಯೆ ವಾರ್ಡ್ ಗ್ರೂಪಿಗೆ ಹಾಕಿದ ಮೆಸೇಜ್‌ಗಳು ತುಂಡು ತುಂಡಾಗಿವೆ. ಅವನ್ನೇ ನಂಬಿ ರೌಂಡ್ಸ್ ಶುರು ಮಾಡಬೇಡಿ. ನನ್ನ ಮೆಸೇಜ್ ಮೇಲೆ, ಅದರ ಪೂರ್ತಿ ವಿವರ ಕೆಳಗೆ ಇದೆ. ಬೆಡ್ ನಂಬರ್ ಪ್ರಕಾರ ಅಲ್ಲ, ಯಾರನ್ನು ಮೊದಲು ನೋಡಬೇಕೋ ಆ ಪ್ರಕಾರ ಬರೆದಿದ್ದೇನೆ. ಈಗ ಸಮಯ 7:10.

4ನೇ ಬೆಡ್: ಮೊದಲು ಇವರನ್ನೇ ನೋಡಿ

ನಾನು ಹಾಕಿದ್ದು: "4ರ ಅಜ್ಜ ಸ್ವಲ್ಪ ಸುಸ್ತು, ಉಸಿರು ಜಾಸ್ತಿ, ಆಕ್ಸಿಜನ್ ಏರಿಸಿದೀನಿ, ಬಿಪಿ ಕಮ್ಮಿ"

ಈಗಿನ ಸ್ಥಿತಿ: 68 ವರ್ಷ, ನ್ಯುಮೋನಿಯಾ, ಅಡ್ಮಿಟ್ ಆಗಿ ಎರಡನೇ ದಿನ. 6:30ಕ್ಕೆ ನೋಡಿದಾಗ ಹದಗೆಟ್ಟಿದ್ದರು. "ಸುಸ್ತು" ಅಂದಿದ್ದು ಸರಿಯಾದ ಮಾತಲ್ಲ. ಅವರಿಗೆ ಗೊಂದಲ ಶುರುವಾಗಿದೆ, ಎಲ್ಲಿದ್ದೇನೆ ಎಂದು ಮೂರು ಸಲ ಕೇಳಿದರು, ರಾತ್ರಿ 10ಕ್ಕೆ ನನ್ನ ಜೊತೆ ಸರಿಯಾಗಿಯೇ ಮಾತಾಡಿದ್ದರು.

2:00ಕ್ಕೆ: ಉಸಿರು 20, ಸ್ಯಾಚುರೇಶನ್ 95 (2 ಲೀಟರ್ ಆಕ್ಸಿಜನ್), ನಾಡಿ 88, ಬಿಪಿ 124/78.
6:30ಕ್ಕೆ: ಉಸಿರು 28, ಸ್ಯಾಚುರೇಶನ್ 89 (ಅದೇ 2 ಲೀಟರ್), ನಾಡಿ 114, ಬಿಪಿ 96/58, ಜ್ವರ 101.6.
2ರಿಂದ 6ರವರೆಗೆ ಯೂರಿನ್ ಬ್ಯಾಗಿನಲ್ಲಿ ಬರೀ 70 ಎಂಎಲ್. ತೂಕ 60 ಕೆಜಿ, ಅಂದರೆ ಗಂಟೆಗೆ 30 ಆದರೂ ಬರಬೇಕಿತ್ತು.

ಮಾಡಿದ್ದು: ಆಕ್ಸಿಜನ್ 4 ಲೀಟರಿಗೆ ಏರಿಸಿದೆ. 6:35ಕ್ಕೆ ರಾತ್ರಿ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಎಮರ್ಜೆನ್ಸಿ ಬಿಟ್ಟು ಬರಲಾಗಲಿಲ್ಲ, 250 ಎಂಎಲ್ ನಾರ್ಮಲ್ ಸಲೈನ್ ಬೇಗ ಹಾಕಿ ಎಂದರು. 7:00ಕ್ಕೆ ಮುಗಿಯಿತು. 7:05ಕ್ಕೆ ಬಿಪಿ 100/60, ಸ್ಯಾಚುರೇಶನ್ 93, ಉಸಿರು ಇನ್ನೂ 28. ಫೋನ್ ಆರ್ಡರ್ ಚಾರ್ಟಿನಲ್ಲಿ ಬರೆದಿದ್ದೇನೆ, ಡಾಕ್ಟರ್ ಸಹಿ ಆಗಿಲ್ಲ. 8ರ ಅಮ್ಲೋಡಿಪಿನ್ 5 ಮಿಗ್ರಾಂ ತಡೆದಿದ್ದೇನೆ.

ನನಗೆ ಅನಿಸಿದ್ದು: ಸೆಪ್ಸಿಸ್ ಕಡೆ ಹೋಗುತ್ತಿದ್ದಾರೆ. ಸುಮ್ನೆ ಜ್ವರದ ಸುಸ್ತು ಅಲ್ಲ.

ಬೇಕಾದದ್ದು: ತಕ್ಷಣ ಬಂದು ನೋಡಿ. ಲ್ಯಾಕ್ಟೇಟ್, ಬ್ಲಡ್ ಕಲ್ಚರ್, ಎಬಿಜಿ ಕಳಿಸಬೇಕಾ, ಇನ್ನೂ ಫ್ಲೂಯಿಡ್ ಹಾಕಬೇಕಾ, ಐಸಿಯುಗೆ ಹೇಳಬೇಕಾ ತಿಳಿಸಿ. ಟ್ಯೂಬ್‌ಗಳು ಬೆಡ್ ಪಕ್ಕದಲ್ಲೇ ರೆಡಿ ಇವೆ.

ಇನ್ನೊಂದು ಮುಖ್ಯ ವಿಷಯ, ಇದು ನನ್ನ ಮೆಸೇಜಿನಲ್ಲೇ ಇರಲಿಲ್ಲ. ಹಿಂದೆ ಪೆನ್ಸಿಲಿನ್ ಕೊಟ್ಟಾಗ ಮೈತುಂಬ ದದ್ದು ಬಂದಿತ್ತು ಎಂದು ಅವರ ಮಗಳು ರಾತ್ರಿ ಹೇಳಿದರು. ಫೈಲಿನಲ್ಲಿ "ಅಲರ್ಜಿ ಇಲ್ಲ" ಎಂದೇ ಇತ್ತು. ಈಗ ಕೆಂಪು ಶಾಯಿಯಲ್ಲಿ ಬರೆದು, ಕೈಗೆ ಅಲರ್ಜಿ ಬ್ಯಾಂಡ್ ಹಾಕಿದ್ದೇನೆ. ಸೆಫ್ಟ್ರಿಯಾಕ್ಸೋನ್ ಎರಡು ಡೋಸ್ ಹೋಗಿದೆ, ದದ್ದು ಕಂಡಿಲ್ಲ. ಆಂಟಿಬಯೋಟಿಕ್ ಬದಲಿಸಿ ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್ ಬರೆಯುವ ಯೋಚನೆ ಇದ್ದರೆ, ಅದೂ ಪೆನ್ಸಿಲಿನ್ ಗುಂಪಿನದ್ದೇ ಅಲ್ವಾ, ದಯವಿಟ್ಟು ಇದನ್ನು ನೋಡಿಕೊಳ್ಳಿ.

9ನೇ ಬೆಡ್: ಎರಡನೆಯದಾಗಿ

ನಾನು ಹಾಕಿದ್ದು: "9 ನೋವು ಅಂತಾರೆ, ಪ್ಯಾರಾಸಿಟಮಾಲ್ ಹೋಗಿದೆ, ಯೂರಿನ್ ನೋಡ್ಬೇಕು"

ಈಗಿನ ಸ್ಥಿತಿ: 59 ವರ್ಷದ ಗಂಡಸು, ನಿನ್ನೆ ಹರ್ನಿಯಾ ಆಪರೇಶನ್. ರಾತ್ರಿ 10:30ಕ್ಕೆ ಕ್ಯಾತಿಟರ್ ತೆಗೆದ ಮೇಲೆ ಒಂದು ಸಲವೂ ಮೂತ್ರ ಆಗಿಲ್ಲ. 6:15ಕ್ಕೆ ಮುಟ್ಟಿದಾಗ ಕೆಳಹೊಟ್ಟೆ ಉಬ್ಬಿದೆ, ಒತ್ತಿದರೆ ನೋವು. ನೋವು ಹತ್ತಕ್ಕೆ ಆರು. ಗಾಯ ಸೋರುತ್ತಿಲ್ಲ, ಬಿಪಿ, ನಾಡಿ ಸರಿ ಇವೆ. 5:40ಕ್ಕೆ ಪ್ಯಾರಾಸಿಟಮಾಲ್ 1 ಗ್ರಾಂ ಐವಿ ಕೊಟ್ಟೆ, ಹೆಚ್ಚೇನೂ ಕಡಿಮೆ ಆಗಿಲ್ಲ. ನೋವು ಗಾಯದ್ದಲ್ಲ, ಮೂತ್ರ ಕಟ್ಟಿದ್ದರಿಂದ ಎಂದು ನನಗೆ ಅನಿಸುತ್ತದೆ. ಎದ್ದು ನಿಲ್ಲಿಸಿ ಪ್ರಯತ್ನ ಮಾಡಿಸಿದೆ, ಆಗಲಿಲ್ಲ.

ಬೇಕಾದದ್ದು: ಬ್ಲ್ಯಾಡರ್ ಸ್ಕ್ಯಾನ್, ಮತ್ತೆ ಕ್ಯಾತಿಟರ್ ಹಾಕಲು ಆರ್ಡರ್. ಅದಕ್ಕೂ ಮುಂಚೆ ನೋವಿನ ಔಷಧಿ ಜಾಸ್ತಿ ಮಾಡುವುದು ಬೇಡ ಅನಿಸುತ್ತೆ.

7ನೇ ಬೆಡ್: ತಿಂಡಿಗೆ ಮುಂಚೆ ಆರ್ಡರ್ ಬೇಕು

ನಾನು ಹಾಕಿದ್ದು: "7ರ ಅಮ್ಮಂಗೆ ಶುಗರ್ ಲೋ ಆಗಿತ್ತು, ಕೊಟ್ಟೆ, ಈಗ ಓಕೆ"

ಏನು ಕೊಟ್ಟೆ, ಎಷ್ಟಿತ್ತು ಎಂದು ಬರೆದೇ ಇರಲಿಲ್ಲ. 54 ವರ್ಷ, ಕಾಲಿನ ಸೆಲ್ಯುಲೈಟಿಸ್, ಡಯಾಬಿಟಿಸ್. 3:10ಕ್ಕೆ ಬೆವರುತ್ತಿದ್ದರು, ಕೈ ನಡುಗುತ್ತಿತ್ತು, ಎಚ್ಚರ ಇತ್ತು. ಶುಗರ್ 58. ಗ್ಲೂಕೋಸ್ 15 ಗ್ರಾಂ ನೀರಿನಲ್ಲಿ ಕುಡಿಸಿದೆ. 3:25ಕ್ಕೆ 84, ಆಮೇಲೆ ಬಿಸ್ಕೆಟ್ ತಿಂದರು. 4:30ಕ್ಕೆ 118, 6:30ಕ್ಕೆ 136.

ಕಾರಣ ಹೀಗಿರಬಹುದು: ರಾತ್ರಿ ಊಟ ಅರ್ಧಕ್ಕೆ ಬಿಟ್ಟಿದ್ದರು, ಆದರೆ ಊಟದ ಇನ್ಸುಲಿನ್ 8 ಯೂನಿಟ್ ಪೂರ್ತಿ ಹೋಗಿತ್ತು, 10ಕ್ಕೆ ಗ್ಲಾರ್ಜಿನ್ 18 ಯೂನಿಟ್ಟೂ ಹೋಗಿತ್ತು. ಬೆಳಗಿನ ಇನ್ಸುಲಿನ್ ಕೊಟ್ಟಿಲ್ಲ, ತಿಂಡಿ 8:30ಕ್ಕೆ. ಡೋಸ್ ನೋಡಿ ಹೇಳಿ.

2ನೇ ಬೆಡ್: "2 ಆರಾಮ್" ಅಂದಿದ್ದು ನಿಜವೇ. ರಾತ್ರಿಯಿಡೀ ಜ್ವರ ಇಲ್ಲ. ಡಿಸ್ಚಾರ್ಜ್ ಸಮ್ಮರಿ ಬಾಕಿ.

ಬೆಳಗಿನ ಸಿಸ್ಟರಿಗೆ ಇದನ್ನೆಲ್ಲ ಹೇಳಿದ್ದೇನೆ. ನನ್ನ ಡ್ಯೂಟಿ 8ಕ್ಕೆ ಮುಗಿಯುತ್ತದೆ, ಆದರೆ ನೀವು ಬಂದು ನೋಡುವವರೆಗೆ 4ನೇ ಬೆಡ್ ಪಕ್ಕದಲ್ಲೇ ಇರುತ್ತೇನೆ.